ಹಿಂದಕ್ಕೆ ಹೊರಳುವ ಕಣ್ಣು

ಅಮೆರಿಕದ ಶಿಕ್ಷಕಿ ಎವೆಲಿನ್ ವುಡ್ 1959ರಲ್ಲಿ ‘ರೀಡಿಂಗ್ ಡೈನಾಮಿಕ್ಸ್’ ತರಗತಿ ಶುರುಮಾಡಿದರು. ಅಂದಿನಿಂದ ಇಂದಿನ ಮೊಬೈಲ್ ಆ್ಯಪ್‌ಗಳವರೆಗೆ ವೇಗದ ಓದು ಕಲಿಸುವವರು ಒಂದು ಮಾತನ್ನು ಬಿಡದೆ ಹೇಳುತ್ತ ಬಂದಿದ್ದಾರೆ: ಓದಿ ಮುಗಿದ ಪದಕ್ಕೆ ಮರಳಿ ಹೋಗಬೇಡಿ, ಅದರಿಂದ ಸಮಯ ಹಾಳು.

ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಜಾರುವುದಿಲ್ಲ. ಜಿಗಿಯುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಇಂಗ್ಲಿಷ್ ಓದುಗರಲ್ಲಿ ನೂರಕ್ಕೆ ಹತ್ತು ಹದಿನೈದು ಜಿಗಿತ ಹಿಂದಕ್ಕೇ ಇರುತ್ತವೆ. ಇದು ಬರೀ ದುರಭ್ಯಾಸವೇ? ಎಲಿಜಬೆತ್ ಶಾಟರ್, ರ್‍ಯಾಂಡಿ ಟ್ರ್ಯಾನ್ ಮತ್ತು ಕೀತ್ ರೇನರ್ 2014ರಲ್ಲಿ ಇದನ್ನು ಪರೀಕ್ಷಿಸಿದರು. ಕಣ್ಣು ದಾಟಿದ ಕೂಡಲೇ ಪರದೆಯ ಮೇಲಿನ ಆ ಪದ ಅಳಿಸಿಹೋಗಿ, ಬರಿಯ x ಗುರುತುಗಳು ಉಳಿಯುವಂತೆ ಮಾಡಿದರು. ಹಿಂದಿರುಗಿ ನೋಡಿದರೂ ಏನೂ ಸಿಗದು. ಆಗ ಓದಿದವರಿಗೆ ಅರ್ಥವಾದದ್ದು ಕಡಿಮೆಯಾಯಿತು. ಗೊಂದಲದ ವಾಕ್ಯಗಳಲ್ಲಷ್ಟೇ ಅಲ್ಲ, ಸರಳ ವಾಕ್ಯಗಳಲ್ಲೂ.

ನಮ್ಮ ಭಾಷೆಯ ಒಂದು ವಾಕ್ಯ ನೋಡಿ: ‘ಜ್ವರ ಇಳಿದ ಮೇಲೂ ಈ ಮಾತ್ರೆಯನ್ನು ದಿನಕ್ಕೆರಡು ಸಲ, ವೈದ್ಯರು ಹೇಳದ ಹೊರತು, ಮಕ್ಕಳಿಗೆ ಕೊಡಬಾರದು.’ ಕೊಡಬೇಕೋ ಬಾರದೋ ಎಂಬುದು ಕೊನೆಯ ಪದದಲ್ಲಿದೆ. ಅದನ್ನು ಕಂಡಮೇಲೆ ‘ಹೇಳದ ಹೊರತು’ ಎಂಬಲ್ಲಿಗೆ ಕಣ್ಣು ಮರಳುವುದು ಸಹಜ. ಆ ಮರಳುವಿಕೆಯನ್ನು ತಡೆಯುವ ತರಬೇತಿ ನನಗೆ ಅಪಾಯಕರವಾಗಿಯೇ ಕಾಣುತ್ತದೆ.

ಹಾಗಾದರೆ ಕಲಿತವರಿಗೆ ಲಾಭವಾದಂತೆ ಅನ್ನಿಸುವುದೇಕೆ? ಅಂಕ ಹಾಕುವ ರೀತಿ ಗಮನಿಸಿ. ಹಲವು ಕಡೆ ನಿಮಿಷಕ್ಕೆ ಓದಿದ ಪದಗಳನ್ನು ಸರಿಯುತ್ತರದ ಶೇಕಡಾವಾರಿನಿಂದ ಗುಣಿಸುತ್ತಾರೆ. 240 ಪದ ಓದಿ ಶೇ. 80 ಸರಿಯಾಗಿ ಉತ್ತರಿಸಿದವರಿಗೆ 192 ಅಂಕ. 2,000 ಪದಗಳ ವೇಗದಲ್ಲಿ ಪುಟ ಮಗುಚಿ, ಏನೂ ತಿಳಿಯದೆ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುತ್ತ ಹೋದರೂ ಸರಾಸರಿ ಶೇ. 25 ಸರಿಯಾಗುತ್ತದೆ. ಅವರಿಗೆ 500! ಓದದವರೇ ಗೆದ್ದರು.

ಮಾರ್ಸೆಲ್ ಜಸ್ಟ್ ಮತ್ತು ಪೆಟ್ರೀಶಿಯಾ ಕಾರ್ಪೆಂಟರ್ 1980ರ ದಶಕದಲ್ಲಿ ತರಬೇತಿ ಪಡೆದವರನ್ನು ಸಾಮಾನ್ಯ ಓದುಗರ ಜೊತೆಗೂ, ಸುಮ್ಮನೆ ಮೇಲಿಂದ ಮೇಲೆ ಕಣ್ಣಾಡಿಸುವವರ ಜೊತೆಗೂ ಹೋಲಿಸಿದರು. ಸುಲಭದ ಬರಹದ ಸಾರಾಂಶ ಹಿಡಿಯುವುದರಲ್ಲಿ ತರಬೇತಿ ಪಡೆದವರು ಕಣ್ಣಾಡಿಸುವವರಿಗಿಂತ ತುಸು ಮುಂದಿದ್ದರು. ಕಠಿಣ ಬರಹದಲ್ಲಿ ಆ ಮೇಲುಗೈ ಉಳಿಯಲಿಲ್ಲ, ವಿವರಗಳಲ್ಲಂತೂ ನಿಧಾನವಾಗಿ ಓದಿದವರೇ ಮುಂದೆ. ಅಂದರೆ ಆ ತರಗತಿಗಳು ಕಲಿಸುವುದು ಕಣ್ಣಾಡಿಸುವ ಜಾಣತನವನ್ನು. ಹತ್ತು ವರದಿಗಳಲ್ಲಿ ಬೇಕಾದ ಒಂದನ್ನು ಹುಡುಕಲು ಅದು ಸಾಕು. ಸಾಲದ ಕರಾರಿಗೆ ಸಹಿ ಹಾಕುವ ಮುನ್ನ ಸಾಲದು.

ಅರ್ಥ ಕೆಡದೆ ವೇಗ ಹೆಚ್ಚುವುದು ಪದಗಳ ಪರಿಚಯದಿಂದ, ವಿಷಯದ ತಿಳಿವಿನಿಂದ. ಕಣ್ಣಿನ ಕಸರತ್ತಿನಿಂದಲ್ಲ. ನಿಮ್ಮ ವೇಗ ಮಿತಿಮೀರಿದೆಯೇ ಎಂದು ತಿಳಿಯಲು ಎರಡು ಪುಟ ಓದಿ, ಪುಸ್ತಕ ಮುಚ್ಚಿ, ಲೇಖಕರು ಹೇಳಿದ್ದೇನು, ಅದಕ್ಕೆ ಕೊಟ್ಟ ಕಾರಣವೇನು ಎಂದು ಬರೆಯಿರಿ. ವಿಷಯ ನೆನಪಾಗಿ ಕಾರಣ ನೆನಪಾಗದಿದ್ದರೆ ಆ ಎರಡು ಪುಟಗಳನ್ನು ಮತ್ತೆ ತೆರೆಯಿರಿ, ಈ ಸಲ ನಿಧಾನವಾಗಿ.