ಒಂದು ದಿನದ ಜ್ವರಕ್ಕೂ ಡಾಕ್ಟರ ಚೀಟಿ ಬೇಕೇ?

ಬೆಂಗಳೂರಿನ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೇಖಾ ಎಂಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ತಿಂಗಳಿಗೆ 24,000 ರೂಪಾಯಿ ಸಂಬಳ. ಮಂಗಳವಾರ ಬೆಳಿಗ್ಗೆ ಏಳುವಾಗಲೇ ಮೈ ಕಾದಿದೆ, ತಲೆ ಎತ್ತಲಾಗುತ್ತಿಲ್ಲ. ಎಂಟು ಗಂಟೆಗೆ ಮ್ಯಾನೇಜರಿಗೆ ಮೆಸೇಜು ಕಳಿಸಿ, ಮಾತ್ರೆ ನುಂಗಿ ಮಲಗುತ್ತಾಳೆ. ಬುಧವಾರ ಜ್ವರ ಇಳಿದಿರುತ್ತದೆ, ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಎಚ್‌ಆರ್‌ನವರು ಹೇಳುವುದು ಒಂದೇ ಮಾತು: “ಮೆಡಿಕಲ್ ಸರ್ಟಿಫಿಕೇಟ್ ತಂದುಕೊಡಿ ಮೇಡಂ, ಇಲ್ಲಾಂದ್ರೆ ಎಲ್‌ಓಪಿ ಹಾಕಬೇಕಾಗುತ್ತೆ.” ಎಲ್‌ಓಪಿ ಎಂದರೆ ಆ ದಿನದ ಸಂಬಳ ಕಟ್. ರೇಖಾಳ ಲೆಕ್ಕದಲ್ಲಿ 800 ರೂಪಾಯಿ.

ಹೀಗೆ ಕೇಳುವ ಅಧಿಕಾರ ಎಚ್‌ಆರ್‌ಗೆ ಇದೆಯೇ? ಉತ್ತರ ಹುಡುಕಲು ನೋಡಬೇಕಾದದ್ದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು. ಹೆಸರು ಕೇಳಿದರೆ ದಿನಸಿ ಅಂಗಡಿಗೆ ಮಾತ್ರ ಸಂಬಂಧಿಸಿದ್ದು ಅನ್ನಿಸುತ್ತದೆ. ಆದರೆ ಬಟ್ಟೆ ಅಂಗಡಿ, ಹೋಟೆಲು, ಜಾಹೀರಾತು ಕಂಪನಿಯಿಂದ ಹಿಡಿದು ಸಾಫ್ಟ್‌ವೇರ್ ಕಚೇರಿಗಳವರೆಗೆ ರಾಜ್ಯದ ಖಾಸಗಿ ಕಚೇರಿ ಕೆಲಸದ ಬಹುಪಾಲು ಇದರಡಿ ಬರುತ್ತದೆ. ಸರ್ಕಾರಿ ಕಚೇರಿಗಳು, ಬ್ಯಾಂಕುಗಳು ಮತ್ತು ಸಂಸ್ಥೆಯ ಆಡಳಿತದ ಹೊಣೆ ಹೊತ್ತ ಹುದ್ದೆಯಲ್ಲಿರುವವರು ಇದರಿಂದ ಹೊರಗೆ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಅವು ಈ ರಾಜ್ಯ ಕಾಯ್ದೆಯನ್ನು ರದ್ದು ಮಾಡಿಲ್ಲ.

ಕಾಯ್ದೆಯ 15ನೇ ಕಲಂ ಎರಡು ಬಗೆಯ ಸಂಬಳದ ರಜೆ ಕೊಡುತ್ತದೆ. ಮೊದಲನೆಯದು ಗಳಿಕೆ ರಜೆ. ಇಪ್ಪತ್ತು ದಿನ ದುಡಿದರೆ ಒಂದು ದಿನ. ನಮಗೆ ಬೇಕಾದದ್ದು ಎರಡನೆಯದು, ಅದೇ ಕಲಮಿನ ಮೂರನೇ ಉಪಕಲಂ. ಅದರ ಪ್ರಕಾರ ಪ್ರತಿ ನೌಕರನಿಗೂ ಸತತ ಸೇವೆಯ ಮೊದಲ ಹನ್ನೆರಡು ತಿಂಗಳಲ್ಲಿ, ಆಮೇಲಿನ ಪ್ರತಿ ಹನ್ನೆರಡು ತಿಂಗಳಲ್ಲಿಯೂ, 12 ದಿನ ಮೀರದಂತೆ ಸಂಬಳದ ರಜೆ ಉಂಟು. ಕಾರಣಗಳನ್ನೂ ಅದೇ ಹೇಳುತ್ತದೆ: ಕಾಯಿಲೆ, ಅಪಘಾತ, ಅಥವಾ ಬೇರೆ ಯಾವುದೇ ಸಕಾರಣ.

ಇದನ್ನು ನಿಧಾನವಾಗಿ ಓದಿದರೆ ಎರಡು ಸಂಗತಿ ಸಿಗುತ್ತವೆ. “ಪ್ರೊಬೇಷನ್‌ನಲ್ಲಿ ಇರೋರಿಗೆ ಸಿಕ್ ಲೀವ್ ಇಲ್ಲ” ಎಂದು ಎಷ್ಟೋ ಕಡೆ ಹೇಳುತ್ತಾರೆ. ಕಾಯ್ದೆ ಮೊದಲ ಹನ್ನೆರಡು ತಿಂಗಳನ್ನೇ ಹೆಸರಿಸಿ ಹಕ್ಕು ಕೊಟ್ಟಿರುವಾಗ ಈ ಮಾತು ನಿಲ್ಲುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ನಾವೆಲ್ಲ ‘ಸಿಕ್ ಲೀವ್’ ಎಂದು ಕರೆಯುವ ಈ 12 ದಿನ ಬರೀ ಕಾಯಿಲೆಯ ರಜೆಯಲ್ಲ. ಮಗುವಿನ ಶಾಲೆಯಿಂದ ತುರ್ತು ಕರೆ ಬಂದರೂ, ಊರಲ್ಲಿ ಅಜ್ಜಿ ತೀರಿಕೊಂಡರೂ ಇದೇ ರಜೆ. ಅಂಥ ದಿನಗಳಿಗೆ ಡಾಕ್ಟರು ಯಾವ ಸರ್ಟಿಫಿಕೇಟ್ ಬರೆದುಕೊಟ್ಟಾರು? ಕಾರಣ ಸಕಾರಣವೋ ಅಲ್ಲವೋ ಎಂಬುದಷ್ಟೇ ಪ್ರಶ್ನೆ. ವೈದ್ಯರ ಪತ್ರ ಕಾಯಿಲೆಯನ್ನು ತೋರಿಸುವ ಒಂದು ದಾರಿ ಮಾತ್ರ. ಆ ಉಪಕಲಮಿನಲ್ಲಿ ಸರ್ಟಿಫಿಕೇಟ್ ಎಂಬ ಷರತ್ತೇ ಇಲ್ಲ.

ಹಾಗೆಂದು, ಕೇಳಲೇಬಾರದು ಎಂದೂ ಕಾಯ್ದೆ ಹೇಳಿಲ್ಲ. ಈ ಮೌನದಲ್ಲಿಯೇ ಕಂಪನಿಗಳ ಲೀವ್ ಪಾಲಿಸಿಗಳು ಹುಟ್ಟಿಕೊಂಡಿವೆ. ಸಾಮಾನ್ಯವಾಗಿ ಅವುಗಳಲ್ಲಿ ಇಂತಿಷ್ಟು ದಿನಕ್ಕಿಂತ ಹೆಚ್ಚು ಸತತವಾಗಿ ಗೈರಾದರೆ ಸರ್ಟಿಫಿಕೇಟ್ ಕೊಡಬೇಕು ಎಂದಿರುತ್ತದೆ. ಎರಡೋ ಮೂರೋ ದಿನ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ಕಂಪನಿಯ ಪಾಲಿಸಿ ಮೂರು ದಿನ ಎಂದಿದ್ದು ಮ್ಯಾನೇಜರು ಒಂದೇ ದಿನಕ್ಕೆ ಕೇಳಿದರೆ, ಅವರು ತಮ್ಮ ನಿಯಮವನ್ನೇ ಮೀರುತ್ತಿದ್ದಾರೆ. ಪಾಲಿಸಿಯೇ ‘ಒಂದು ದಿನಕ್ಕೂ ಬೇಕು’ ಎಂದಿದ್ದರೆ? ಆಗ ಕೇಳುವುದು ತಪ್ಪಲ್ಲ. ಆದರೆ ಕಾಗದ ಇಲ್ಲ ಎಂಬ ಒಂದೇ ಕಾರಣಕ್ಕೆ, 12 ದಿನ ಬಾಕಿ ಇರುವಾಗಲೂ ಸಂಬಳ ಹಿಡಿದರೆ, ಕಾಯ್ದೆ ಕೊಟ್ಟದ್ದನ್ನು ಕಂಪನಿಯ ಒಳನಿಯಮ ಕಸಿದುಕೊಂಡಂತಾಗುತ್ತದೆ. ಕಾಯ್ದೆಗಿಂತ ಹೆಚ್ಚು ಕೊಡಲು ನೇಮಕಾತಿ ಪತ್ರಕ್ಕೆ ಅಡ್ಡಿಯಿಲ್ಲ. ಕಡಿಮೆ ಮಾಡಲು ಬರುವುದಿಲ್ಲ. ನನ್ನ ಪ್ರಕಾರ ರೇಖಾಳ 800 ರೂಪಾಯಿಯ ವಾದ ನಿಲ್ಲುವುದು ಇಲ್ಲಿ.

ಮಾಲೀಕರ ಕಡೆಯ ಮಾತನ್ನೂ ಹೇಳಬೇಕು. ಒಬ್ಬ ನೌಕರ ಪ್ರತಿ ತಿಂಗಳೂ ಹಬ್ಬದ ಮಾರನೇ ದಿನವೇ ಹುಷಾರು ತಪ್ಪುತ್ತಿದ್ದರೆ, ಶುಕ್ರವಾರಕ್ಕೆ ಕೇಳಿದ ರಜೆ ಸಿಗದೆ ಅದೇ ಶುಕ್ರವಾರ ಹೊಟ್ಟೆನೋವು ಬಂದರೆ, ಪುರಾವೆ ಕೇಳುವುದರಲ್ಲಿ ಅರ್ಥವಿದೆ. ಅಲ್ಲಿ ಕೇಳುವುದಕ್ಕೆ ಒಂದು ಕಾರಣವಿದೆ. ವರ್ಷದಲ್ಲಿ ಮೊದಲ ಸಲ ಜ್ವರ ಬಂದವಳನ್ನೂ ಅವನನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದಾಗ ತಕರಾರು ಶುರುವಾಗುತ್ತದೆ.

ಇನ್ನು ಸರ್ಟಿಫಿಕೇಟ್ ವಿಚಾರ. ರೇಖಾ ಬುಧವಾರ ಸಂಜೆ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ “ನಿನ್ನೆ ಜ್ವರ ಇತ್ತು ಅಂತ ಬರೆದುಕೊಡಿ ಡಾಕ್ಟ್ರೇ” ಎಂದರೆ ವೈದ್ಯರಿಗೆ ನಿಜವಾಗಿಯೂ ಪೇಚು. ಅವರು ನಿನ್ನೆ ಆಕೆಯನ್ನು ನೋಡಿಲ್ಲ, ಇವತ್ತು ಜ್ವರ ಇಲ್ಲ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳಲ್ಲಿ ರಜೆಯ ಸರ್ಟಿಫಿಕೇಟಿಗೆ ಒಂದು ನಮೂನೆಯೇ ಇದೆ. ರೋಗಿ ವೈದ್ಯರ ಎದುರಿನಲ್ಲಿ ಸಹಿ ಹಾಕಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು, ಗುರುತಿನ ಚಿಹ್ನೆ ಬರೆಯಬೇಕು. ‘ಎಚ್ಚರಿಕೆಯಿಂದ ಪರೀಕ್ಷಿಸಿದ್ದೇನೆ, ಇಂಥ ಕಾಯಿಲೆ, ಇಂಥ ದಿನದಿಂದ ಇಷ್ಟು ದಿನ ಕೆಲಸದಿಂದ ದೂರ ಇರುವುದು ಅಗತ್ಯ’ ಎಂಬ ಅರ್ಥದ ಒಕ್ಕಣೆಗೆ ವೈದ್ಯರು ಸಹಿ ಮಾಡಬೇಕು. ಕೊಟ್ಟ ಸರ್ಟಿಫಿಕೇಟುಗಳ ರಿಜಿಸ್ಟರ್ ಇಡಬೇಕು, ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ ವೈದ್ಯರ ಹೆಸರು ರಿಜಿಸ್ಟರಿನಿಂದ ಹೋಗಬಹುದು.

ಅಂದರೆ ಒಂದು ದಿನದ ಜ್ವರಕ್ಕೆ ಸರಿಯಾದ ಸರ್ಟಿಫಿಕೇಟ್ ಬೇಕಿದ್ದರೆ, ಜ್ವರ ಇರುವ ದಿನವೇ ಎದ್ದು ಹೋಗಿ ಸರದಿಯಲ್ಲಿ ಕೂರಬೇಕು. ಫೀಸು, ಆಟೋ ಖರ್ಚು ಸೇರಿದರೆ 800 ರೂಪಾಯಿ ಉಳಿಸಲು ಅದರ ಅರ್ಧಕ್ಕೂ ಹೆಚ್ಚು ಹೋದೀತು. ಹಾಗಾಗಿ ಒಂದು ದಿನಕ್ಕೂ ಸರ್ಟಿಫಿಕೇಟ್ ಕೇಳುವ ಕಚೇರಿಗಳ ಸುತ್ತಮುತ್ತ, ಮುಖ ನೋಡದೆ ಬರೆದುಕೊಡುವ ಕ್ಲಿನಿಕ್ಕುಗಳು ಹುಟ್ಟಿದರೆ ಆಶ್ಚರ್ಯವಿಲ್ಲ. ನೌಕರರು ಇಲ್ಲಿ ಜಾರಬಾರದು: ಒಂದು ದಿನದ ಸಂಬಳ ಹೋದರೆ 800 ರೂಪಾಯಿಯಷ್ಟೇ, ಖೋಟಾ ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಅದು ದುರ್ನಡತೆ, ಕೆಲಸವೇ ಹೋಗಬಹುದು. ಆ ದಿನದ ಔಷಧ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು, ರಕ್ತಪರೀಕ್ಷೆಯ ವರದಿ ಇವೂ ಪುರಾವೆಗಳೇ. ಸರ್ಟಿಫಿಕೇಟ್ ಎಂಬ ತಲೆಬರಹ ಇಲ್ಲದಿದ್ದರೂ ಇವನ್ನು ಮುಂದಿಡಿ.

ಇಎಸ್‌ಐ ಕಾರ್ಡು ಇರುವವರ ಕಥೆ ಬೇರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಈ ಯೋಜನೆಗೆ ಸೇರುತ್ತಾರೆ. ಕಾಯಿಲೆ ಬಿದ್ದರೆ ದಿನದ ಸರಾಸರಿ ಕೂಲಿಯ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದವರೆಗೆ, ನಿಗಮವೇ ಕೊಡುತ್ತದೆ. ಇಲ್ಲಿ ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಇಲ್ಲದೆ ಕೆಲಸ ನಡೆಯುವುದಿಲ್ಲ. ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣ ಬರುವುದಿಲ್ಲ. ಹಿಂದಿನ ಕಾಯಿಲೆ ಮುಗಿದು ಹದಿನೈದು ದಿನದೊಳಗೆ ಮತ್ತೆ ಬಿದ್ದರೆ ಮಾತ್ರ ಈ ಕಡಿತ ಇಲ್ಲ. ದಿನಕ್ಕೆ 600 ರೂಪಾಯಿ ಗಳಿಸುವವನು ಐದು ದಿನ ಮಲಗಿದರೆ ಸಿಗುವುದು ಮೂರು ದಿನದ 420ರ ಲೆಕ್ಕದಲ್ಲಿ 1,260 ರೂಪಾಯಿ. ಒಂದೇ ದಿನ ಮಲಗಿದರೆ ಏನೂ ಇಲ್ಲ. ಅಂಗಡಿ, ಕಚೇರಿಯವನಾದರೆ ಆ ಮೊದಲ ಎರಡು ದಿನಕ್ಕೆ 12 ದಿನದ ರಜೆ ಉಪಯೋಗಕ್ಕೆ ಬರುತ್ತದೆ. ಕಾರ್ಖಾನೆಯ ಕಾರ್ಮಿಕನಿಗೆ ಆ ಆಸರೆಯೂ ಇಲ್ಲ, ಏಕೆಂದರೆ ಕಾರ್ಖಾನೆಗಳ ಕಾನೂನಿನಲ್ಲಿ ಕಾಯಿಲೆಗೆಂದೇ ಬೇರೆ ಸಂಬಳದ ರಜೆ ಇಲ್ಲ. ಅವನು ಗಳಿಕೆ ರಜೆ ಹಾಕಬೇಕು, ಇಲ್ಲವೆ ಯೂನಿಯನ್ ಒಪ್ಪಂದದಲ್ಲೋ ಸ್ಥಾಯಿ ಆದೇಶದಲ್ಲೋ ಇರುವ ಕ್ಯಾಶುವಲ್ ಲೀವ್ ಹುಡುಕಬೇಕು.

ಬೇರೆ ದೇಶಗಳು ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆದಿಟ್ಟುಕೊಂಡಿವೆ. ಬ್ರಿಟನ್ನಿನಲ್ಲಿ ಕಾಯಿಲೆ ಏಳು ದಿನದೊಳಗೆ ಮುಗಿದರೆ ನೌಕರನ ಸ್ವಂತ ಹೇಳಿಕೆಯೇ ಸಾಕು. ಜರ್ಮನಿಯಲ್ಲಿ ಕಾಯಿಲೆ ಮೂರು ದಿನ ಮೀರಿದರೆ ವೈದ್ಯರ ದೃಢೀಕರಣ ಬೇಕು, ಆದರೆ ಅದಕ್ಕಿಂತ ಮೊದಲೇ ಕೇಳುವ ಹಕ್ಕು ಮಾಲೀಕನಿಗಿದೆ. ಮೊದಲ ದಿನವೇ ಕೇಳಬಹುದು, ಅದಕ್ಕೆ ಕಾರಣವನ್ನೂ ಕೊಡಬೇಕಿಲ್ಲ ಎಂದು ಅಲ್ಲಿನ ಒಕ್ಕೂಟ ಕಾರ್ಮಿಕ ನ್ಯಾಯಾಲಯ 2012ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಬರ್ಲಿನ್ನಿಗೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರು ತಮ್ಮ ಕರಾರಿನಲ್ಲಿ ಈ ಸಾಲು ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ನಮ್ಮಲ್ಲಿಯೂ ಒಂದು ಕಡೆ ಸರ್ಕಾರ ಬಾಯಿ ಬಿಟ್ಟಿದೆ. 2025ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಮುಟ್ಟಿನ ರಜೆಯ ಆದೇಶ 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನದ ಸಂಬಳದ ರಜೆ ಕೊಟ್ಟಿತು. ಇದಕ್ಕೆ ವೈದ್ಯಕೀಯ ಸರ್ಟಿಫಿಕೇಟ್ ಬೇಕಿಲ್ಲ ಎಂದು ಆದೇಶವೇ ಹೇಳಿತು. ಅದನ್ನು ಪ್ರಶ್ನಿಸಿ ಉದ್ಯಮಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಒಂದು ದಿನದ ನೋವಿಗೆ ಕಾಗದ ಕೇಳುವುದು ಸಲ್ಲದು ಎಂದು ಒಂದು ಆದೇಶದಲ್ಲಿ ಒಪ್ಪಿಕೊಂಡ ಸರ್ಕಾರ, ಅದೇ ಮಾತನ್ನು 15ನೇ ಕಲಮಿನ ರಜೆಗೂ ನಿಯಮವಾಗಿ ಬರೆದರೆ ಈ ಗೊಂದಲದ ಬಹುಭಾಗ ಮುಗಿಯುತ್ತದೆ.

ಅಲ್ಲಿಯವರೆಗೆ ರೇಖಾ ಏನು ಮಾಡಬಹುದು? ಬೆಳಿಗ್ಗೆ ಎಂಟಕ್ಕೆ ಕಳಿಸಿದ ಮೆಸೇಜನ್ನು ಅಳಿಸದೆ ಇಟ್ಟುಕೊಳ್ಳಬೇಕು. ಹೇಳದೆ ಕೇಳದೆ ಗೈರಾದಳು ಎಂಬ ಆರೋಪಕ್ಕೆ ಅದೇ ಉತ್ತರ. ಸರ್ಟಿಫಿಕೇಟ್ ಕೇಳಿದವರಿಗೆ ಜಗಳದ ದನಿ ಇಲ್ಲದೆ ಒಂದು ಇ-ಮೇಲ್ ಬರೆಯಬೇಕು: ಮಂಗಳವಾರ ಜ್ವರದಿಂದ ಬರಲಾಗಲಿಲ್ಲ, ಬೆಳಿಗ್ಗೆಯೇ ತಿಳಿಸಿದ್ದೆ, 15ನೇ ಕಲಮಿನ ಮೂರನೇ ಉಪಕಲಮಿನ ರಜೆಯಲ್ಲಿ ಇದನ್ನು ಸೇರಿಸಿಕೊಳ್ಳಿ, ಒಂದು ದಿನಕ್ಕೂ ಸರ್ಟಿಫಿಕೇಟ್ ಬೇಕೆಂಬ ನಿಯಮ ಇದ್ದರೆ ಅದರ ಪ್ರತಿ ಕೊಡಿ. ಬಹಳಷ್ಟು ಕಡೆ ಮಾತು ಇಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಅಂಥ ಲಿಖಿತ ನಿಯಮ ಇರುವುದಿಲ್ಲ. ಆಮೇಲೂ ಸಂಬಳ ಹಿಡಿದರೆ, ಆ ಇ-ಮೇಲ್, ಮೆಸೇಜು ಮತ್ತು ಸಂಬಳದ ಚೀಟಿಯ ಪ್ರತಿಗಳೊಂದಿಗೆ ಆ ಪ್ರದೇಶದ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಬಹುದು. ಅದಕ್ಕೆ ವಕೀಲರು ಬೇಕಿಲ್ಲ.