ಸರಾಸರಿ ಅರವತ್ತು, ಆದರೂ ಆಟ ತಡವರಿಸುತ್ತದೆ

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೋದವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಎಫ್‌ಪಿಎಸ್ ಬರುತ್ತೆ?" ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್. ಅಂಗಡಿಯವರು 60 ಎಂದರೆ ಸಮಾಧಾನವಾಗುತ್ತದೆ. ಆದರೆ ಅದು ಸರಾಸರಿ. 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡಿನಲ್ಲಿ ಸಿದ್ಧವಾಗಿ, ಉಳಿದ ಒಂದೇ ಒಂದು 115 ಮಿಲಿಸೆಕೆಂಡ್ ತೆಗೆದುಕೊಂಡಿತೆನ್ನಿ. ಕೂಡಿ ನೋಡಿದರೆ ಸರಿಯಾಗಿ ಒಂದು ಸೆಕೆಂಡ್, 60 ಫ್ರೇಮ್. ಲೆಕ್ಕದಲ್ಲಿ ಏನೂ ತಪ್ಪಿಲ್ಲ, ಆದರೆ ಆ ಒಂದು ಫ್ರೇಮ್ ಬರುವಾಗ ಪರದೆ ಗಕ್ಕನೆ ನಿಂತದ್ದು ಕಣ್ಣಿಗೆ ಹೊಡೆಯುತ್ತದೆ. ಕಾರ್ಡ್‌ಗಳನ್ನು ಪರೀಕ್ಷಿಸುವವರು ಸರಾಸರಿಯ ಪಕ್ಕದಲ್ಲಿ "1% ಲೋ" ಎಂಬ ಇನ್ನೊಂದು ಅಂಕಿ ಕೊಡುವುದು ಇದಕ್ಕೇ. ಅತಿ ನಿಧಾನವಾದ ಫ್ರೇಮ್‌ಗಳ ಕಥೆ ಅದರಲ್ಲಿದೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದೇ ಅದನ್ನು.

ಚಿಪ್ ಗಟ್ಟಿಯಾಗಿದ್ದರೂ ಹೀಗೇಕಾಗುತ್ತದೆ? ಎನ್‌ವಿಡಿಯಾ 2023ರಲ್ಲಿ ಆರ್‌ಟಿಎಕ್ಸ್ 4060 ಟಿಐ ಕಾರ್ಡನ್ನು ಎರಡು ಬಗೆಯಲ್ಲಿ ತಂದಿತು. ಎರಡರಲ್ಲೂ ಲೆಕ್ಕ ಮಾಡುವ ಶಕ್ತಿ ಒಂದೇ. ಒಂದರಲ್ಲಿ 8 ಜಿಬಿ ಮೆಮೊರಿ, ಇನ್ನೊಂದರಲ್ಲಿ 16. ಹೆಚ್ಚಿನ ಆಟಗಳಲ್ಲಿ ಎರಡೂ ಸರಿಸಮ. ಆದರೆ ಅದೇ ವರ್ಷ ಪಿಸಿಗೆ ಬಂದ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1'ನಂಥ ಆಟದಲ್ಲಿ ಟೆಕ್ಸ್ಚರ್ ಅನ್ನು ಅಲ್ಟ್ರಾಕ್ಕೆ ಏರಿಸಿದರೆ 8 ಜಿಬಿ ಸಾಲದೆ ಹೋಗುತ್ತದೆ. ಗೋಡೆ, ಬಟ್ಟೆ, ಚರ್ಮಗಳ ಮೇಲೆ ಹೊದಿಸುವ ಚಿತ್ರಗಳೇ ಟೆಕ್ಸ್ಚರ್. ಜಾಗವಿಲ್ಲದೆ ಹೊರಗುಳಿದವು ಕಂಪ್ಯೂಟರಿನ ಸಾಮಾನ್ಯ ರ್‍ಯಾಮ್‌ನಲ್ಲಿ ಕೂರುತ್ತವೆ. ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 288 ಜಿಬಿ ಒದಗಿಸಬಲ್ಲದು, ರ್‍ಯಾಮ್‌ನಿಂದ ಕಾರ್ಡಿಗೆ ಬರುವ ದಾರಿಯಲ್ಲಿ ಸಾಗುವುದು ಹೆಚ್ಚೆಂದರೆ ಸುಮಾರು 16. ಬೇಕಾದದ್ದು ಆ ಕಿರಿದಾದ ದಾರಿಯಲ್ಲಿ ಬರುವ ತನಕ ಚಿಪ್ ಕೈಕಟ್ಟಿ ಕೂರುತ್ತದೆ. ನಮ್ಮ 115 ಮಿಲಿಸೆಕೆಂಡಿನ ಫ್ರೇಮ್ ಹುಟ್ಟುವುದು ಇಂಥ ಹೊತ್ತಿನಲ್ಲಿ.

ಇಂಥ ತಡವರಿಕೆಗೆ ಹಲವರು ರೆಸಲ್ಯೂಶನ್ ಇಳಿಸಿ ನೋಡುತ್ತಾರೆ. ಟೆಕ್ಸ್ಚರ್‌ಗಳ ಗಾತ್ರ ಅದರಿಂದ ಅಷ್ಟೇನೂ ಕರಗುವುದಿಲ್ಲ. ಟೆಕ್ಸ್ಚರ್ ಅನ್ನೇ ಅಲ್ಟ್ರಾದಿಂದ ಹೈ ಅಥವಾ ಮೀಡಿಯಂಗೆ ಇಳಿಸಿ, ಆಟವನ್ನು ಒಮ್ಮೆ ಮುಚ್ಚಿ ತೆರೆದರೆ ಗುಣ ಕಾಣುತ್ತದೆ.

ಎಲ್ಲ ಕಾಯಿಲೆಯೂ ಮೆಮೊರಿಯದಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡರೆ ಆಡುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಅಂಕಿಗಳು ಓಡುತ್ತವೆ. ಜಿಪಿಯು ಬಳಕೆ 97ರ ಆಸುಪಾಸಿನಲ್ಲೇ ನಿಂತು, ಎಲ್ಲ ಫ್ರೇಮ್‌ಗಳೂ ಒಂದೇ ತೆರನಾಗಿ ನಿಧಾನವಾಗಿದ್ದರೆ ಚಿಪ್‌ಗೆ ನಿಜಕ್ಕೂ ಶಕ್ತಿ ಸಾಲುತ್ತಿಲ್ಲ. ಆಗ ರೇ ಟ್ರೇಸಿಂಗ್, ನೆರಳು, ರೆಸಲ್ಯೂಶನ್ ಇಳಿಸಿದರೆ ಕೆಲಸವಾಗುತ್ತದೆ: 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿ, 1080ಪಿಯಲ್ಲಿ ಅದರ ಕಾಲುಭಾಗ. ಬಳಕೆ 60-70ಕ್ಕೆ ಬಿದ್ದು, ರೆಸಲ್ಯೂಶನ್ ಇಳಿಸಿದರೂ ಎಫ್‌ಪಿಎಸ್ ಏರದಿದ್ದರೆ ಹಿಂದೆ ಬಿದ್ದಿರುವುದು ಬಹುಮಟ್ಟಿಗೆ ಸಿಪಿಯು. ಅಂಥವರು ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿದರೂ ಅದೇ ಎಫ್‌ಪಿಎಸ್.