ಗರಿಷ್ಠ ಹೃದಯ ಬಡಿತ: ಏರುರಸ್ತೆಯ ಪರೀಕ್ಷೆ ಮತ್ತು ಅದನ್ನು ಮಾಡಬಾರದವರು

ದೇಹ ತನ್ನೆಲ್ಲ ಶಕ್ತಿ ಹಾಕಿ ದುಡಿಯುವಾಗ ಹೃದಯ ನಿಮಿಷಕ್ಕೆ ಎಷ್ಟು ಬಾರಿ ಬಡಿಯಬಲ್ಲದೋ ಅದೇ ಗರಿಷ್ಠ ಹೃದಯ ಬಡಿತ. 220ರಿಂದ ವಯಸ್ಸನ್ನು ಕಳೆದರೆ ಅದು ಸಿಗುತ್ತದೆ ಎಂಬ ಲೆಕ್ಕ ಎಲ್ಲೆಡೆ ಬಳಕೆಯಲ್ಲಿದೆ. ಈ ಸೂತ್ರ 1971ರಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಫಾಕ್ಸ್ ಮತ್ತು ಸಂಗಡಿಗರ ಬರಹದಿಂದ ಹರಡಿತು. ಬೇರೆ ಬೇರೆ ಅಧ್ಯಯನಗಳ ಅಂಕಿಗಳ ನಡುವೆ ಎಳೆದ ಅಂದಾಜು ಗೆರೆಯಷ್ಟೇ ಅದು. ಒಂದೇ ವಯಸ್ಸಿನವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ನಿಜವಾದ ಗರಿಷ್ಠ ಬಡಿತ ಸೂತ್ರದ ಅಂಕಿಯಿಂದ ಹತ್ತು ಹನ್ನೆರಡಕ್ಕಿಂತಲೂ ಹೆಚ್ಚು ದೂರವಿರುತ್ತದೆ.

45 ವರ್ಷದ ಓಟಗಾರನೊಬ್ಬನಿಗೆ ಈ ಸೂತ್ರ 175 ಎಂದು ಹೇಳುತ್ತದೆ. ಗರಿಷ್ಠದ ಶೇಕಡಾ 80ರಲ್ಲಿ ಓಡಬೇಕೆಂದರೆ ಅವನು 140ಕ್ಕೆ ನಿಲ್ಲುತ್ತಾನೆ. ಅವನ ನಿಜವಾದ ಗರಿಷ್ಠ 190 ಆಗಿದ್ದರೆ ಗುರಿ 152 ಆಗಬೇಕಿತ್ತು. 160 ಆಗಿದ್ದರೆ ಅದೇ 140 ಅವನ ಮಿತಿಯ ಶೇಕಡಾ 87ನ್ನು ದಾಟುತ್ತದೆ, ಸಾಧಾರಣ ಓಟ ಎಂದುಕೊಂಡದ್ದು ದಿನವೂ ಬಳಲಿಸುವ ಓಟವಾಗುತ್ತದೆ. ಬಡಿತ ನೋಡಿಕೊಂಡು ಅಭ್ಯಾಸ ಮಾಡುವವರು ಅಳೆದೇ ತಿಳಿಯಬೇಕೆನ್ನುವುದು ಇದಕ್ಕಾಗಿ.

ಪ್ರಯೋಗಾಲಯದ ಹೊರಗೆ ಅಳೆಯಲು ಏರುರಸ್ತೆ ಒಳ್ಳೆಯ ಜಾಗ. ಏರಿನಲ್ಲಿ ಕಾಲಿನ ವೇಗ ಹೆಚ್ಚಿಲ್ಲದೆಯೇ ಹೃದಯದ ಮೇಲೆ ಪೂರ್ತಿ ಹೊರೆ ಬೀಳುತ್ತದೆ, ಸ್ನಾಯು ಎಳೆದುಕೊಳ್ಳುವ ಭಯ ಕಡಿಮೆ. ಜೋರಾಗಿ ಓಡಿದರೂ ಹತ್ತಲು ಎರಡು ಮೂರು ನಿಮಿಷ ಬೇಕಾಗುವ, ವಾಹನಗಳ ಕಾಟವಿಲ್ಲದ ಏರು ಸಾಕು. ಮೊದಲು ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಬೇಕು. ಮೊದಲ ಏರನ್ನು ಚುರುಕಾಗಿ, ಆದರೆ ಹಿಡಿತ ತಪ್ಪದಂತೆ ಹತ್ತಿ, ನಿಧಾನವಾಗಿ ಓಡುತ್ತ ಇಳಿಯಬೇಕು. ಎರಡನೆಯದು ಇನ್ನೂ ಜೋರು. ಮೂರನೆಯದರ ಕೊನೆಯ ಅರ್ಧ ನಿಮಿಷದಲ್ಲಿ ಉಳಿದ ಶಕ್ತಿಯನ್ನೆಲ್ಲ ಹಾಕಬೇಕು. ಅತಿ ಹೆಚ್ಚಿನ ಅಂಕಿ ಬರುವುದು ಸಾಮಾನ್ಯವಾಗಿ ತುದಿ ಮುಟ್ಟುವ ಹೊತ್ತಿಗೆ. ನಿಂತಕೂಡಲೇ ಕುಳಿತುಬಿಡದೆ ಐದು ಹತ್ತು ನಿಮಿಷ ನಡೆಯಲೇಬೇಕು, ಇಲ್ಲದಿದ್ದರೆ ರಕ್ತ ಕಾಲಿನಲ್ಲೇ ಉಳಿದು ತಲೆಸುತ್ತು ಬರಬಹುದು. ಪರೀಕ್ಷೆಗೆ ಜೊತೆಯಲ್ಲಿ ಒಬ್ಬರಿರಬೇಕು.

ಅಂಕಿ ಕೆಡುವುದು ಹೆಚ್ಚಾಗಿ ಸಾಧನದಿಂದ. ಮಣಿಕಟ್ಟಿನ ವಾಚು ಬೆಳಕಿನಿಂದ ನಾಡಿಯನ್ನು ಗುರುತಿಸುತ್ತದೆ. ಜೋರು ಓಟದಲ್ಲಿ ಅದು ಕೆಲವೊಮ್ಮೆ ನಾಡಿಯನ್ನು ಬಿಟ್ಟು ಹೆಜ್ಜೆಯ ಲಯವನ್ನೇ ಹಿಡಿದು, ನಿಮಿಷಕ್ಕೆ 175 ಹೆಜ್ಜೆ ಹಾಕುವವನಿಗೆ ಬಡಿತ 175 ಎಂದು ತೋರಿಸಿಬಿಡುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಓದುವುದರಿಂದ ಅದನ್ನು ಹೆಚ್ಚು ನಂಬಬಹುದು. ಆದರೆ ಅದೂ ಒಣಗಿದ್ದರೆ ತಪ್ಪು ಹೇಳುತ್ತದೆ, ಕಟ್ಟುವ ಮೊದಲು ಒದ್ದೆ ಮಾಡಿಕೊಳ್ಳಬೇಕು. ದಾಖಲೆಯಲ್ಲಿ ಬಡಿತ ಮೆಲ್ಲಗೆ ಏರಿ ಕೆಲವು ಸೆಕೆಂಡು ನಿಂತ ಅಂಕಿಯೇ ನಿಜ, ಒಂದು ಕ್ಷಣ 210ಕ್ಕೆ ಹಾರಿ ಬಿದ್ದದ್ದು ಲೆಕ್ಕಕ್ಕಿಲ್ಲ. ಓಡಿ ನಿಂತ ಮೇಲೆ ಬೆರಳಿಟ್ಟು ಎಣಿಸುವುದೂ ಸರಿಬಾರದು. ಬಡಿತ ಬೇಗನೆ ಇಳಿಯುತ್ತಿರುತ್ತದೆ, ಜೊತೆಗೆ ಹತ್ತು ಸೆಕೆಂಡಿನ ಎಣಿಕೆಯಲ್ಲಿ ಒಂದು ತಪ್ಪಿದರೆ ನಿಮಿಷಕ್ಕೆ ಆರು ತಪ್ಪುತ್ತದೆ. ನಿದ್ದೆಗೆಟ್ಟ ಅಥವಾ ಹಿಂದಿನ ದಿನ ದಣಿದ ದೇಹ ತನ್ನ ಗರಿಷ್ಠವನ್ನು ಮುಟ್ಟುವುದೇ ಇಲ್ಲ. ಓಟದಲ್ಲಿ ಸಿಕ್ಕ ಅಂಕಿ ಸೈಕಲ್ಲಿಗೆ ಹೊಂದುವುದಿಲ್ಲ, ಬಹಳಷ್ಟು ಜನರಿಗೆ ಸೈಕಲ್ಲಿನಲ್ಲಿ ಅದು ಕಡಿಮೆಯೇ ಇರುತ್ತದೆ.

ಇಷ್ಟು ಸರಳವಾಗಿ ಕಾಣುವ ಪರೀಕ್ಷೆ ಎಲ್ಲರಿಗೂ ಅಲ್ಲ. ಕಿರಿದಾದ ರಕ್ತನಾಳ ವಿಶ್ರಾಂತಿಯಲ್ಲಿ ಹೃದಯಕ್ಕೆ ಸಾಕಾಗುವಷ್ಟು ರಕ್ತ ಕೊಡುತ್ತಿರಬಹುದು, ಪೂರ್ತಿ ಹೊರೆ ಬಿದ್ದಾಗ ಕೊಡಲಾರದು. ಯಾವ ತೊಂದರೆಯೂ ಇಲ್ಲ ಎಂದುಕೊಂಡಿದ್ದ ವ್ಯಕ್ತಿಗೆ ಅಪಾಯ ಬರುವುದು ಆ ಹೊತ್ತಿನಲ್ಲೇ. ಹೃದ್ರೋಗ, ಕವಾಟದ ತೊಂದರೆ ಅಥವಾ ಬಡಿತದ ಲಯ ತಪ್ಪುವ ಕಾಯಿಲೆ ಇರುವವರು, ಶ್ರಮಪಟ್ಟಾಗ ಎದೆನೋವು, ತಲೆಸುತ್ತು, ಅತಿಯಾದ ಏದುಸಿರು ಕಂಡವರು, ಒಮ್ಮೆಯಾದರೂ ಪ್ರಜ್ಞೆ ತಪ್ಪಿದವರು ಇದಕ್ಕೆ ಕೈಹಾಕಬಾರದು. ಹತ್ತಿರದ ರಕ್ತಸಂಬಂಧಿಕರಲ್ಲಿ ಯಾರಾದರೂ ಎಳೆ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಹತೋಟಿಗೆ ಬಾರದ ರಕ್ತದೊತ್ತಡ, ಗರ್ಭಾವಸ್ಥೆ, ಸಕ್ಕರೆ ಕಾಯಿಲೆ, ನಲವತ್ತು ದಾಟಿ ಈಗಷ್ಟೇ ವ್ಯಾಯಾಮ ಶುರುಮಾಡಿದ್ದು, ಇವೆಲ್ಲವೂ ತಡೆಯುವ ಕಾರಣಗಳೇ.

ಜ್ವರದ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ. ವೈರಾಣು ಜ್ವರ ಕೆಲವರಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತದೆ, ಆಗಿನ ತೀವ್ರ ಶ್ರಮ ಪ್ರಾಣಕ್ಕೇ ಎರವಾಗಬಹುದು. ಜ್ವರ ಬಿಟ್ಟು ಮೈ ಪೂರ್ತಿ ಸುಧಾರಿಸುವ ತನಕ ಪರೀಕ್ಷೆಯ ಮಾತೇ ಬೇಡ. ರಕ್ತದೊತ್ತಡಕ್ಕೆಂದು ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ನುಂಗುವವರ ಬಡಿತವನ್ನು ಔಷಧವೇ ತಗ್ಗಿಸಿರುತ್ತದೆ. ಅವರು ಬೇರೆಯವರ ಅಂಕಿಯನ್ನು ಮುಟ್ಟಲು ಹೆಣಗುವುದು ಅಪಾಯ, ಪರೀಕ್ಷೆಗೆಂದು ತಾವಾಗಿ ಮಾತ್ರೆ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಾಯ.

ಇಂಥವರಿಗೆ ಅಂಕಿ ಬೇಕೇ ಬೇಕೆಂದರೆ ಆಸ್ಪತ್ರೆಯ ಟಿಎಂಟಿ ಪರೀಕ್ಷೆಯಿದೆ, ಅಲ್ಲಿ ಇಸಿಜಿ ನೋಡುತ್ತ ವೈದ್ಯರು ಎದುರಿಗಿರುತ್ತಾರೆ. ಆದರೆ ಸೂತ್ರದ ಶೇಕಡಾ 85 ಮುಟ್ಟಿದಾಗಲೇ ಅದನ್ನು ನಿಲ್ಲಿಸುವುದುಂಟು, ಆಗ ವರದಿಯಲ್ಲಿ ಬರೆದದ್ದು ಗರಿಷ್ಠ ಬಡಿತವಾಗಿರುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯುವವರಿಗಂತೂ ಈ ಅಂಕಿಯ ಅಗತ್ಯವೇ ಇಲ್ಲ. ನಡೆಯುತ್ತ ಮಾತಾಡಲು ಆಗುತ್ತಿದ್ದು, ಹಾಡಲು ಉಸಿರು ಸಾಲದಿದ್ದರೆ ವೇಗ ಸರಿಯಾಗಿದೆ.